ಗುಂಪಿನ ಮಾತು, ಉತ್ತರದ ನುಡಿ

ಕೋಲಾರ ಸೀಮೆಯ ಯಾವುದೇ ಪೇಟೆಯ ಬೀದಿಯಲ್ಲಿ ಅರ್ಧ ಗಂಟೆ ನಿಂತರೆ ಕನ್ನಡ, ತೆಲುಗು, ತಮಿಳು, ದಖನಿ ಉರ್ದು ಈ ನಾಲ್ಕೂ ಕಿವಿಗೆ ಬೀಳುತ್ತವೆ. ಅಂಗಡಿಯವನು ಒಬ್ಬರಿಗೆ ತೆಲುಗಿನಲ್ಲಿ ಬೆಲೆ ಹೇಳಿ, ಪಕ್ಕದವರಿಗೆ ಕನ್ನಡದಲ್ಲಿ ಚಿಲ್ಲರೆ ಎಣಿಸಿಕೊಡುತ್ತಾನೆ. ಅವನಿಗೆ ಗೊಂದಲವಿಲ್ಲ, ಕೊಳ್ಳುವವರಿಗೂ ಇಲ್ಲ. ಏಕೆಂದರೆ ಅವನು ಯಾರ ಕಡೆ ಮುಖ ತಿರುಗಿಸಿದ್ದಾನೆ ಎಂಬುದು ಎಲ್ಲರಿಗೂ ಕಾಣುತ್ತದೆ. ಅದೇ ಜನ ಇಂದು ಮೊಬೈಲಿನ ವಾಟ್ಸಾಪ್ ಗುಂಪಿನಲ್ಲಿ ಸೇರಿದಾಗ ಈ ಮುಖ ತಿರುಗಿಸುವಿಕೆ ಮಾಯವಾಗುತ್ತದೆ. ಮಾತೆಲ್ಲ ಒಂದರ ಕೆಳಗೊಂದು ಸಾಲಾಗಿ ನಿಲ್ಲುತ್ತದೆ. ಆಗ ಉತ್ತರ ಹೇಳುವವನು ಯಾವ ನುಡಿಯಲ್ಲಿ ಹೇಳಬೇಕು, ಆ ನುಡಿಯನ್ನು ಹೇಗೆ ಕದಲದಂತೆ ಇಟ್ಟುಕೊಳ್ಳಬೇಕು ಎಂಬುದು ಒಂದು ನಿಜವಾದ ಪ್ರಶ್ನೆಯಾಗುತ್ತದೆ. ನನಗೆ ಅದು ಪ್ರಶ್ನೆಯೆಂದು ತಿಳಿದದ್ದೇ ಒಂದು ತಪ್ಪು ಮಾಡಿದ ಮೇಲೆ.

ಹತ್ತನೆಯ ತರಗತಿಯ ತಂದೆತಾಯಿಗಳ ಗುಂಪಿಗೆ ತರಗತಿಯ ಉಪಾಧ್ಯಾಯನಾಗಿ ನಾನೇ ಉತ್ತರ ಕೊಡುವವನು. ಪರೀಕ್ಷೆಗೆ ಕೂರುವ ಮಕ್ಕಳ ಹೆಸರು, ತಂದೆತಾಯಿಗಳ ಹೆಸರು, ಹುಟ್ಟಿದ ದಿನಾಂಕ ಇವುಗಳ ಕರಡು ಪಟ್ಟಿಯನ್ನು ಒಂದು ಸೋಮವಾರ ಸಂಜೆ ಗುಂಪಿಗೆ ಕಳಿಸಿದೆ. ತಿದ್ದುಪಡಿ ಇದ್ದರೆ ಬುಧವಾರ ಸಂಜೆ ನಾಲ್ಕು ಗಂಟೆಯೊಳಗೆ ತಿಳಿಸಬೇಕೆಂದು ಕನ್ನಡದಲ್ಲಿ ಬರೆದೆ. ಈ ಪಟ್ಟಿಯಲ್ಲಿರುವಂತೆಯೇ ಅಂಕಪಟ್ಟಿಯಲ್ಲಿ ಅಚ್ಚಾಗುತ್ತದೆ. ಒಂದು ಅಕ್ಷರ ತಪ್ಪಿದರೂ ಮುಂದೆ ಕಾಲೇಜಿನಲ್ಲಿ, ಕೆಲಸದಲ್ಲಿ ಅಲೆದಾಟ ತಪ್ಪಿದ್ದಲ್ಲ.

ರಾತ್ರಿ ಎಂಟರ ಹೊತ್ತಿಗೆ ಮೂರು ಸಂದೇಶ ಬಂದವು. ಮೊದಲನೆಯದು ಒಬ್ಬ ತಂದೆಯದು, ಕನ್ನಡ ಲಿಪಿಯಲ್ಲಿ ಬರೆದ ತೆಲುಗು: "ಸಾರ್, ಕರೆಕ್ಷನ್ ಎಪ್ಪಟಿದಾಕಾ ಇವ್ವೊಚ್ಚು?" ಎಂದರೆ ತಿದ್ದುಪಡಿಯನ್ನು ಎಲ್ಲಿಯವರೆಗೆ ಕೊಡಬಹುದು ಎಂದು. ಎರಡನೆಯದು ಒಬ್ಬ ತಾಯಿಯದು, ಇಂಗ್ಲಿಷ್ ಲಿಪಿಯಲ್ಲಿ ಬರೆದ ದಖನಿ: "ಆಧಾರ್ ಮೇ ನಾಮ್ ಅಲಗ್ ಹೈ, ಕ್ಯಾ ಕರ್ನಾ ಸರ್?" ಆಧಾರದಲ್ಲಿ ಹೆಸರು ಬೇರೆಯಾಗಿದೆ, ಏನು ಮಾಡಲಿ ಎಂದು. ಮೂರನೆಯದು ಪೂರ್ತಿ ಇಂಗ್ಲಿಷಿನಲ್ಲಿ, ಪ್ರವಾಸದ ಹಣವನ್ನು ಕಟ್ಟಲು ಕೊನೆಯ ದಿನ ಯಾವುದು ಎಂದು. ಊಟಕ್ಕೆ ಏಳುವ ಅವಸರದಲ್ಲಿ ನಾನು ಎಲ್ಲಕ್ಕಿಂತ ಕೆಳಗಿದ್ದ ಇಂಗ್ಲಿಷ್ ಪ್ರಶ್ನೆಯನ್ನು ನೋಡಿ, ಶನಿವಾರದವರೆಗೆ, ತೊಂದರೆಯಿಲ್ಲ ಎಂದು ಇಂಗ್ಲಿಷಿನಲ್ಲೇ ಒಂದು ಸಾಲು ಒತ್ತಿ ಕಳಿಸಿಬಿಟ್ಟೆ. ಮಿಕ್ಕ ಇಬ್ಬರಿಗೆ ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡೆ, ಮರೆತೆ.

ತೆಲುಗಿನ ತಂದೆಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ವಾರಗಳ ಹೆಸರು ಯಾರಿಗೆ ತಿಳಿಯದು? ಅವರು ತಮ್ಮ ಪ್ರಶ್ನೆಯ ಕೆಳಗೆ ಮೇಷ್ಟರ ಉತ್ತರದಲ್ಲಿ ಶನಿವಾರವನ್ನು ಕಂಡರು, ನಿಶ್ಚಿಂತರಾದರು. ಗುರುವಾರ ಪಟ್ಟಿ ಮೇಲಕ್ಕೆ ಹೋಯಿತು. ಶನಿವಾರ ಬೆಳಿಗ್ಗೆ ಅವರು ಶಾಲೆಯ ಬಾಗಿಲಲ್ಲಿ ಮಗಳ ಜನನ ಪತ್ರ ಹಿಡಿದು ನಿಂತಿದ್ದರು. ತಾಯಿಯ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ಆಮೇಲೆ ಮನವಿ ಬರೆದು, ದಾಖಲೆ ಲಗತ್ತಿಸಿ, ಎರಡು ಸಲ ಕಚೇರಿಗೆ ಅಲೆದು ಸರಿಪಡಿಸಿದೆವು. ಆ ಎರಡು ದಿನದ ಕೂಲಿ ಅವರಿಗೆ ಹೋಯಿತು. ಅವರು ನನ್ನನ್ನು ಬೈಯಲಿಲ್ಲ. "ಮೀರೇ ಕದಾ ಸಾರ್ ಶನಿವಾರಂ ಅನ್ನಾರು" ಎಂದರು, ನೀವೇ ಅಲ್ಲವೇ ಶನಿವಾರ ಎಂದದ್ದು ಎಂದು. ತೆಲುಗು ನನಗೆ ಕನ್ನಡದಷ್ಟೇ ಸಲೀಸು. ಉತ್ತರ ಕೊಡಲು ಬಾರದೆ ಹೋದದ್ದಲ್ಲ.

ಈ ತಪ್ಪನ್ನು ಬಿಡಿಸಿ ನೋಡಿದರೆ ಮೂರು ಕಾರಣಗಳು ಕಾಣುತ್ತವೆ. ಮೊದಲನೆಯದು, ಕಣ್ಣಿಗೆ ಕೊನೆಯದಾಗಿ ಬಿದ್ದ ಸಂದೇಶ ನಮ್ಮ ನುಡಿಯನ್ನು ತನ್ನ ಕಡೆಗೆ ಎಳೆಯುತ್ತದೆ. ಎದುರು ಕುಳಿತವರ ಮಾತಿಗೆ ನಮ್ಮ ಮಾತು ಹೊಂದಿಕೊಳ್ಳುವುದು ಮನುಷ್ಯ ಸಹಜ. ಇಬ್ಬರೇ ಇದ್ದಾಗ ಅದು ಸೌಜನ್ಯ, ನಲವತ್ತು ಜನ ಇದ್ದಾಗ ಅದೇ ಎಡವಟ್ಟು. ಎರಡನೆಯದು ಕೀಲಿಮಣೆ. ಒಮ್ಮೆ ಇಂಗ್ಲಿಷಿಗೆ ತಿರುಗಿದ ಕೀಲಿಮಣೆ ನಾವು ಮತ್ತೆ ತಿರುಗಿಸುವತನಕ ಇಂಗ್ಲಿಷಿನಲ್ಲೇ ನಿಂತಿರುತ್ತದೆ, ಮುಂದಿನ ಪದವನ್ನೂ ಅದೇ ಭಾಷೆಯಲ್ಲಿ ಸೂಚಿಸುತ್ತದೆ, ಬೆರಳು ಸುಲಭದ ದಾರಿ ಹಿಡಿಯುತ್ತದೆ. ಮೂರನೆಯದು, ಉತ್ತರ ಯಾರಿಗೆ ಎಂದು ಗುರುತು ಹಾಕದೆ ಕಳಿಸಿದ್ದು. ಮೊದಲ ಎರಡರಿಂದ ನುಡಿ ಕದಲುತ್ತದೆ. ಮೂರನೆಯದರಿಂದ ಕದಲಿದ ನುಡಿ ಬೇರೊಬ್ಬರ ತಲೆಯ ಮೇಲೆ ಬೀಳುತ್ತದೆ.

ನುಡಿಯನ್ನು ಸ್ಥಿರವಾಗಿಡಲು ಮೊದಲು ಬಂದ ಪ್ರಶ್ನೆ ಯಾವ ನುಡಿಯದು ಎಂದು ತಿಳಿಯಬೇಕಷ್ಟೆ. ಇದೇನು ಮಹಾ ಎನ್ನಬಹುದು. ಆದರೆ ಇಂದಿನ ಸಂದೇಶಗಳಲ್ಲಿ ಲಿಪಿಯನ್ನು ನಂಬುವಂತಿಲ್ಲ. ಕನ್ನಡ ಲಿಪಿಯಲ್ಲಿ ತೆಲುಗು ಬರುತ್ತದೆ, ಇಂಗ್ಲಿಷ್ ಲಿಪಿಯಲ್ಲಿ ಕನ್ನಡವೂ ಉರ್ದುವೂ ಬರುತ್ತವೆ. ಪದಗಳನ್ನೂ ನಂಬುವಂತಿಲ್ಲ. ಒಂದೇ ಪ್ರಶ್ನೆಯನ್ನು ನಾಲ್ಕು ಮನೆಯವರು ಹೇಗೆ ಕೇಳುತ್ತಾರೆ ನೋಡಿ. ಕನ್ನಡದವರು "ಫೀಸ್ ಯಾವಾಗ ಕಟ್ಟಬೇಕು?" ಎನ್ನುತ್ತಾರೆ. ತೆಲುಗಿನವರು "ಫೀಸು ಎಪ್ಪುಡು ಕಟ್ಟಾಲಿ?" ಎನ್ನುತ್ತಾರೆ. ತಮಿಳಿನವರು "ಫೀಸ್ ಎಪ್ಪೊ ಕಟ್ಟಣುಂ?" ಎನ್ನುತ್ತಾರೆ. ದಖನಿಯವರು "ಫೀಸ್ ಕಬ್ ಭರ್ನಾ?" ಎನ್ನುತ್ತಾರೆ. ಫೀಸ್ ನಾಲ್ಕರಲ್ಲೂ ಇದೆ, ಅದು ಯಾರದೂ ಅಲ್ಲ. ಕಟ್ಟು ಎಂಬ ಧಾತುವೇ ಮೂರರಲ್ಲಿದೆ. ಭಾಷೆಯನ್ನು ಬಿಟ್ಟುಕೊಡುವುದು ಆ ಧಾತುವಿನ ಬಾಲ: ಬೇಕು, ಆಲಿ, ಅಣುಂ. ಜೊತೆಗೆ ಪ್ರಶ್ನೆಯ ಪದ: ಯಾವಾಗ, ಎಪ್ಪುಡು, ಎಪ್ಪೊ, ಕಬ್.

ವ್ಯಾಕರಣ ಓದಿದವರಿಗೆ ಇದು ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ತತ್ಸಮ, ತದ್ಭವಗಳನ್ನು ವಿಚಾರಿಸುವಾಗಲೇ ಹೊರಗಿನ ಶಬ್ದಗಳಿಗೆ ಕನ್ನಡದಲ್ಲಿ ಜಾಗ ಮಾಡಿಕೊಟ್ಟಾಗಿತ್ತು. ಹೊರಗಿನ ಶಬ್ದ ಎಷ್ಟೇ ಬರಲಿ, ಅದಕ್ಕೆ ಕನ್ನಡದ ವಿಭಕ್ತಿ ಹತ್ತಿ, ಕನ್ನಡದ ಕ್ರಿಯಾಪದದಿಂದ ವಾಕ್ಯ ಮುಗಿದರೆ ವಾಕ್ಯ ಕನ್ನಡದ್ದೇ. ಆಫ್ರಿಕದಲ್ಲಿ ಸ್ವಾಹಿಲಿಯೊಡನೆ ಇಂಗ್ಲಿಷನ್ನು ಬೆರೆಸಿ ಆಡುವವರ ಮಾತನ್ನು ಪರಿಶೀಲಿಸಿದ ಕ್ಯಾರಲ್ ಮೈಯರ್ಸ್-ಸ್ಕಾಟನ್ ಎಂಬ ವಿದುಷಿ 1993ರಲ್ಲಿ ಪ್ರಕಟಿಸಿದ ಗ್ರಂಥದಲ್ಲೂ ಇದಕ್ಕೆ ಹತ್ತಿರವಾದ ಮಾತೇ ಇದೆ. ಬೆರಕೆ ಮಾತಿನಲ್ಲಿ ಒಂದು ಭಾಷೆ ವಾಕ್ಯಕ್ಕೆ ಚೌಕಟ್ಟು ಕೊಡುತ್ತದೆ, ಇನ್ನೊಂದು ಅದರೊಳಗೆ ಪದಗಳನ್ನು ತುಂಬುತ್ತದೆ ಎಂದು ಅವರು ಹೇಳುತ್ತಾರೆ.

ಒಂದು ಉದಾಹರಣೆ. "ಸರ್, ನಾಳೆ ಪ್ರಿಪರೇಟರಿ ಎಕ್ಸಾಮ್ ಟೈಮ್ ಚೇಂಜ್ ಆಗಿದೆಯಾ?" ಏಳು ಪದಗಳಲ್ಲಿ ಐದು ಇಂಗ್ಲಿಷಿನವು. ಆದರೂ "ಆಗಿದೆಯಾ" ಎಂದು ಮುಗಿದಿರುವುದರಿಂದ ಇದು ಕನ್ನಡ ಪ್ರಶ್ನೆ, ಉತ್ತರ ಕನ್ನಡದಲ್ಲಿರಬೇಕು. ಪದಗಳನ್ನು ಎಣಿಸಿ ಇಂಗ್ಲಿಷಿನಲ್ಲಿ ಉತ್ತರಿಸಿದರೆ, ಕೇಳಿದವರಿಗೆ ಆ ಐದು ಪದಗಳಾಚೆ ಇಂಗ್ಲಿಷ್ ಬಾರದೆ ಇರಬಹುದು. ಇದಕ್ಕೆ ಪ್ರತಿಯಾಗಿ "ದಯವಿಟ್ಟು ಸೆಂಡ್ ಮಿ ದ ಮಾರ್ಕ್ಸ್ ಲಿಸ್ಟ್" ಎಂಬುದರಲ್ಲಿ ಕನ್ನಡವಿರುವುದು ಮರ್ಯಾದೆಗಾಗಿ ಮಾತ್ರ. ಕಟ್ಟಡವೆಲ್ಲ ಇಂಗ್ಲಿಷಿನದು.

ಹಾಗೆಯೇ ಒಂಟಿ ಪದಗಳಿಂದ ಏನನ್ನೂ ನಿರ್ಣಯಿಸಬಾರದು. ಸರಿ ಎಂಬುದು ಕನ್ನಡದಲ್ಲೂ ಸರಿ, ತಮಿಳಿನಲ್ಲೂ ಸರಿ. ಇಂಗ್ಲಿಷ್ ಲಿಪಿಯಲ್ಲಿ ಒಂಟಿಯಾಗಿ ಬರೆದ ನಾಳೆ ಕನ್ನಡವೂ ಆಗಬಹುದು, ಮಲಯಾಳವೂ ಆಗಬಹುದು. ಓಕೆ ಎಂಬುದು ಈಗ ಎಲ್ಲ ನಾಲಗೆಯ ಮೇಲೂ ಇದೆ. ಕನ್ನಡದಲ್ಲಿ ಮಾತು ನಡೆಯುತ್ತಿರುವಾಗ ಒಬ್ಬರು "ಓಕೆ ಸರ್, ಥ್ಯಾಂಕ್ಸ್" ಎಂದ ಮಾತ್ರಕ್ಕೆ ಅವರು ಇಂಗ್ಲಿಷಿಗೆ ತಿರುಗಿದರೆಂದಲ್ಲ. ನಮಸ್ಕಾರ, ಹಬ್ಬದ ಹಾರೈಕೆ, ಚಿತ್ರ, ಬೇರೆ ಕಡೆಯಿಂದ ಬಂದದ್ದನ್ನು ಹಾಗೆಯೇ ಮುಂದಕ್ಕೆ ಕಳಿಸಿದ ಬರಹ ಇವೆಲ್ಲ ಲೆಕ್ಕಕ್ಕೆ ಬಾರವು. ಕಳಿಸಿದವರ ಸ್ವಂತ ಪೂರ್ಣ ವಾಕ್ಯ ಒಂದೇ ಸಾಕ್ಷಿ.

ಇನ್ನೊಂದು ಎಚ್ಚರಿಕೆ. ಹೆಸರನ್ನೋ ಮನೆಮಾತನ್ನೋ ನೋಡಿ ಉತ್ತರದ ನುಡಿಯನ್ನು ಆರಿಸಬಾರದು. ಒಬ್ಬ ತಂದೆ ಕನ್ನಡದಲ್ಲಿ ಬರೆದಿದ್ದರು. ಅವರ ಮನೆಮಾತು ತೆಲುಗೆಂದು ಬಲ್ಲ ನಾನು ಪ್ರೀತಿಯಿಂದಲೇ ತೆಲುಗಿನಲ್ಲಿ ಉತ್ತರಿಸಿದೆ. ಮಾರನೆಯ ದಿನ ಎದುರು ಸಿಕ್ಕಾಗ ಅವರು, "ಯಾಕೆ ಮೇಷ್ಟ್ರೇ, ನನ್ನ ಕನ್ನಡ ಅಷ್ಟು ಕೆಟ್ಟದಾಗಿದೆಯೇ?" ಎಂದು ಕೇಳಿದರು. ನಗುತ್ತಲೇ ಕೇಳಿದರು, ಆದರೆ ಮುಖ ಪೂರ್ತಿ ನಗುತ್ತಿರಲಿಲ್ಲ. ಗುಂಪಿನಲ್ಲಿ ಕನ್ನಡದಲ್ಲಿ ಬರೆಯುವುದು ಅವರು ತಾವಾಗಿ ಮಾಡಿಕೊಂಡ ಆಯ್ಕೆ. ಅದನ್ನು ನಲವತ್ತು ಜನರ ಎದುರಿಗೆ ನಾನು ತಿರುಗಿಸಿ ಕೊಟ್ಟಂತಾಗಿತ್ತು. ಅವರು ಬರೆದ ನುಡಿಯೇ ಅವರು ಬಯಸಿದ ನುಡಿ. ಅರ್ಥವಾಗುತ್ತಿಲ್ಲವೆಂದು ಅನುಮಾನ ಬಂದರೆ ಗುಂಪಿನಲ್ಲಲ್ಲ, ಅವರೊಬ್ಬರಿಗೇ ಕೇಳಬೇಕು.

ಪ್ರಶ್ನೆಯ ನುಡಿ ತಿಳಿದ ಮೇಲೆ ಉತ್ತರದ ನುಡಿಯನ್ನು ಗೊತ್ತುಮಾಡುವುದು ಎರಡು ಹೆಜ್ಜೆಯ ಕೆಲಸ. ಮೊದಲ ಹೆಜ್ಜೆ, ಈ ಉತ್ತರ ಒಬ್ಬರಿಗೆ ಸಂಬಂಧಿಸಿದ್ದೋ ಎಲ್ಲರಿಗೂ ಸಂಬಂಧಿಸಿದ್ದೋ ಎಂದು ನೋಡುವುದು. ಒಬ್ಬರದೇ ಆದರೆ ಅವರು ಕೇಳಿದ ನುಡಿಯಲ್ಲೇ ಉತ್ತರ, ನಡುವೆ ಬೇರೆ ಯಾರು ಯಾವ ನುಡಿಯಲ್ಲಿ ಏನೇ ಬರೆದಿರಲಿ. ದಿನ, ಹೊತ್ತು, ಸ್ಥಳ, ಹಣ ಇಂಥ ಎಲ್ಲರನ್ನೂ ಕಟ್ಟಿಹಾಕುವ ಮಾತಾದರೆ ಮೊದಲು ಗುಂಪಿನ ಸಾಮಾನ್ಯ ನುಡಿಯಲ್ಲಿ ಪೂರ್ತಿಯಾಗಿ, ಅದರ ಕೆಳಗೆ ಕೇಳಿದವರ ನುಡಿಯಲ್ಲಿ ಒಂದು ಸಾಲು. ನಮ್ಮ ಗುಂಪಿನ ಸಾಮಾನ್ಯ ನುಡಿ ಕನ್ನಡ. ಗುಂಪಿನ ವಿವರಣೆಯಲ್ಲೇ ಅದನ್ನು ಬರೆದಿಟ್ಟಿದ್ದೇವೆ, ಯಾವ ನುಡಿಯಲ್ಲಿ ಬೇಕಾದರೂ ಕೇಳಬಹುದೆಂದೂ ಬರೆದಿದ್ದೇವೆ. ಕೇಳಲು ಬಾಗಿಲು ಹಲವು, ಉತ್ತರ ಇಡುವ ಕಟ್ಟೆ ಒಂದು.

ಎರಡನೆಯ ಹೆಜ್ಜೆ, ಉತ್ತರವನ್ನು ಪ್ರಶ್ನೆಗೆ ಕಟ್ಟುವುದು. ವಾಟ್ಸಾಪಿನಲ್ಲಿ ಪ್ರಶ್ನೆಯ ಸಂದೇಶದ ಮೇಲೆ ಬೆರಳಿಟ್ಟು ಬಲಕ್ಕೆ ಸರಿಸಿದರೆ ಆ ಪ್ರಶ್ನೆ ನಮ್ಮ ಉತ್ತರದ ನೆತ್ತಿಯ ಮೇಲೆ ಸಣ್ಣದಾಗಿ ಕುಳಿತುಕೊಳ್ಳುತ್ತದೆ. ಇದರಿಂದ ಎರಡು ಪ್ರಯೋಜನ. ಓದುವವರಿಗೆ ಇದು ಯಾರಿಗೆ ಹೇಳಿದ್ದೆಂದು ತಿಳಿಯುತ್ತದೆ. ಅಂಗಡಿಯವನು ಮುಖ ತಿರುಗಿಸಿದಂತೆಯೇ ಇದು. ಬರೆಯುವವನಿಗೂ ಬೆರಳು ಒತ್ತುವಾಗ ಕಣ್ಣೆದುರು ಇರುವುದು ಆ ಪ್ರಶ್ನೆಯ ನುಡಿಯೇ ಹೊರತು ಸಾಲಿನ ಕೊನೆಯ ನುಡಿಯಲ್ಲ. ಕೀಲಿಮಣೆಯನ್ನು ಆಗಲೇ ತಿರುಗಿಸಿಕೊಳ್ಳಬೇಕು. ಪ್ರಶ್ನೆಯನ್ನು ಮೊದಲು ಹಿಡಿ, ಕೀಲಿಮಣೆಯನ್ನು ಆಮೇಲೆ ತಿರುಗಿಸು, ಕೊನೆಗೆ ಬರೆ. ಈ ಅನುಕ್ರಮ ತಪ್ಪದಿದ್ದರೆ ನುಡಿ ಬಹುಮಟ್ಟಿಗೆ ತಾನೇ ನಿಲ್ಲುತ್ತದೆ.

ಆ ಸೋಮವಾರದ ರಾತ್ರಿಯನ್ನು ಈಗ ಮತ್ತೆ ನಡೆಸಿ ನೋಡೋಣ. ತಂದೆಯ ಪ್ರಶ್ನೆ ದಿನದ ವಿಷಯ, ಎಲ್ಲರಿಗೂ ಸೇರಿದ್ದು. ಅದನ್ನು ಹಿಡಿದು, "ತಿದ್ದುಪಡಿಗೆ ಕೊನೆಯ ಹೊತ್ತು ಬುಧವಾರ ಸಂಜೆ 4 ಗಂಟೆ" ಎಂದು ಕನ್ನಡದಲ್ಲಿ ಬರೆದು, ಕೆಳಗೆ "ಬುಧವಾರಂ ಸಾಯಂತ್ರಂ 4 ಗಂಟಲ ಲೋಪಲ ಇವ್ವಂಡಿ" ಎಂದು ತೆಲುಗಿನ ಸಾಲನ್ನು, ಅವರು ಓದಬಲ್ಲ ಕನ್ನಡ ಲಿಪಿಯಲ್ಲೇ ಸೇರಿಸಬೇಕಿತ್ತು. ತಾಯಿಯ ಪ್ರಶ್ನೆ ಅವರೊಬ್ಬರದು. ಅದನ್ನು ಹಿಡಿದು, "ಮಂಗಲ್ ಕೆ ದಿನ್ 10 ಬಜೆ ಆಧಾರ್ ಲೇಕೊ ಇಸ್ಕೂಲ್ ಕು ಆವೊ ಮ್ಮಾ" ಎಂದು ಅವರು ಬರೆದಂತೆಯೇ ಇಂಗ್ಲಿಷ್ ಲಿಪಿಯಲ್ಲಿ ಬರೆಯಬೇಕಿತ್ತು. ಮೂರನೆಯದು ಪ್ರವಾಸದ ಹಣ, ಮತ್ತೆ ಎಲ್ಲರಿಗೂ ಸೇರಿದ್ದು. ಅಲ್ಲಿ ಕನ್ನಡದಲ್ಲಿ "ಪ್ರವಾಸದ ಹಣಕ್ಕೆ ಶನಿವಾರ ಕೊನೆ" ಎಂದು, ಕೆಳಗೆ ಅದನ್ನೇ ಇಂಗ್ಲಿಷಿನಲ್ಲಿ. ಗಮನಿಸಿ, ಶನಿವಾರವೆಂಬ ಮಾತು ಪ್ರವಾಸದ ಹಣವನ್ನು ಬಿಟ್ಟು ಒಂಟಿಯಾಗಿ ಎಲ್ಲೂ ನಿಲ್ಲುವುದಿಲ್ಲ. ಮೂರು ಉತ್ತರ, ಮೂರು ಗಂಟು. ಇದಕ್ಕೆಲ್ಲ ನಾಲ್ಕು ನಿಮಿಷಕ್ಕಿಂತ ಹೆಚ್ಚು ಬೇಕಿರಲಿಲ್ಲ.

ಉತ್ತರದಲ್ಲಿ ಮಂಗಳವಾರವೆಂದು ಬರೆದು "ಕಲ್" ಎನ್ನದೆ ಹೋದದ್ದಕ್ಕೂ ಕಾರಣವಿದೆ. ಹಿಂದಿ, ಉರ್ದುಗಳಲ್ಲಿ ಕಲ್ ಎಂದರೆ ನಾಳೆಯೂ ಹೌದು, ನಿನ್ನೆಯೂ ಹೌದು. ಕ್ರಿಯಾಪದವೇ ಅದನ್ನು ಬಿಡಿಸಬೇಕು. ಅಲ್ಲದೆ ಗುಂಪಿನ ಸಂದೇಶವನ್ನು ಒಬ್ಬರು ರಾತ್ರಿ ಓದುತ್ತಾರೆ, ಒಬ್ಬರು ಮಾರನೆಯ ಮಧ್ಯಾಹ್ನ ಓದುತ್ತಾರೆ. ಓದಿದ ದಿನದಿಂದ ನಾಳೆಯನ್ನು ಎಣಿಸುತ್ತಾರೆ. ವಾರದ ಹೆಸರನ್ನೂ ಅಂಕಿಯನ್ನೂ ಬರೆದರೆ ನುಡಿ ತಪ್ಪಿದಾಗಲೂ ವಿಷಯ ಉಳಿಯುತ್ತದೆ. ಎರಡು ನುಡಿಯಲ್ಲಿ ಬರೆದಾಗ ಅಂಕಿಗಳು ಎರಡರಲ್ಲೂ ಒಂದೇ ಇವೆಯೇ ಎಂದು ಕಳಿಸುವ ಮುನ್ನ ಒಮ್ಮೆ ನೋಡಬೇಕು.

ಇನ್ನು ನುಡಿಯನ್ನು ಬದಲಾಯಿಸುವುದು ಯಾವಾಗ? ಸ್ಥಿರವಾಗಿಡುವುದೆಂದರೆ ಹಟವಲ್ಲ. ಒಬ್ಬರು ಬಾಯಿಬಿಟ್ಟು ಇಂಥ ನುಡಿಯಲ್ಲಿ ಹೇಳಿ ಎಂದು ಕೇಳಿದರೆ ಅಂದಿನಿಂದಲೇ ಬದಲಾಯಿಸಬೇಕು. ಕೇಳದಿದ್ದರೂ ಒಂದರ ಮೇಲೊಂದು ಎರಡು ಪೂರ್ಣ ವಾಕ್ಯಗಳನ್ನು ಬೇರೆ ನುಡಿಯಲ್ಲಿ ಬರೆದರೆ ಅವರು ಅಲ್ಲಿಗೆ ಸರಿದಿದ್ದಾರೆಂದು ತಿಳಿಯಬಹುದು. ಒಂದು ವಾಕ್ಯಕ್ಕೇ ಸರಿದರೆ ಅವರು ಮರಳಿ ಬರುವಷ್ಟರಲ್ಲಿ ನಾವು ಅಲ್ಲಿರುತ್ತೇವೆ. ಬದಲಾವಣೆ ಅವರೊಬ್ಬರ ಮಟ್ಟಿಗೆ. ಗುಂಪಿನ ಸಾಮಾನ್ಯ ನುಡಿ ಅದರಿಂದ ಬದಲಾಗದು.

ಸಾಮಾನ್ಯ ನುಡಿ ಯಾವುದಾಗಬೇಕೆಂಬುದಕ್ಕೆ ನಮ್ಮ ಗಡಿಯಾಚೆ ಒಂದು ಹಳೆಯ ನಿದರ್ಶನವಿದೆ. ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಆಡುವವರು ತಲೆತಲಾಂತರದಿಂದ ಕೂಡಿ ಬಾಳಿದ್ದಾರೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಈ ಊರಿನ ಮಾತನ್ನು ಪರಿಶೀಲಿಸಿ 1971ರಲ್ಲಿ ಪ್ರಕಟಿಸಿದರು. ಮನೆಯೊಳಗೆ ಪ್ರತಿಯೊಬ್ಬರೂ ತಮ್ಮ ನುಡಿಯನ್ನು ಬಿಟ್ಟಿರಲಿಲ್ಲ; ಗುಂಪು ಗುಂಪಿನ ನಡುವಣ ವ್ಯವಹಾರಕ್ಕೆ ಮರಾಠಿ ಇತ್ತು. ಊರಿನ ಪ್ರಬಲ ಮನೆತನಗಳ ಮನೆಮಾತು ಅದಲ್ಲದ್ದರಿಂದ ಅದನ್ನಾಡಿದರೆ ಯಾರೂ ಯಾರಿಗೂ ಬಗ್ಗಿದಂತಾಗುತ್ತಿರಲಿಲ್ಲ. ನಮ್ಮ ಗುಂಪಿನಲ್ಲಿ ಕನ್ನಡ ಶಾಲೆಯ ನುಡಿ, ಎಲ್ಲ ಮಕ್ಕಳೂ ಓದಿ ಹೇಳಬಲ್ಲ ನುಡಿ. ಆದ್ದರಿಂದ ಅದು ನಿಂತಿತು. ಬೇರೆ ಗುಂಪಿಗೆ ಬೇರೆಯದು ತಕ್ಕದ್ದಾಗಬಹುದು. ಸದಸ್ಯರಲ್ಲಿ ಎಲ್ಲರಿಗಿಂತ ಹೆಚ್ಚು ಜನ ಆಡುವುದು ಯಾವುದೆಂದಲ್ಲ, ಮನೆಯಲ್ಲಿ ಯಾರಾದರೊಬ್ಬರು ಓದಿ ಹೇಳಬಲ್ಲದ್ದು ಯಾವುದೆಂದು ನೋಡಬೇಕು.

ಈ ಕ್ರಮಕ್ಕೆ ಎಲ್ಲೆಗಳೂ ಉಂಟು. ನನಗೆ ತಮಿಳು ಕೇಳಿದರೆ ತಿಳಿಯುತ್ತದೆ, ಬರೆಯಲು ಬಾರದು. ಅರೆಬರೆ ತಮಿಳಿನಲ್ಲಿ ದಿನ ತಪ್ಪಿಸಿ ಹೇಳುವುದಕ್ಕಿಂತ ಕನ್ನಡದಲ್ಲೇ ಸಣ್ಣ ವಾಕ್ಯ ಬರೆದು, ಎರಡೂ ಬಲ್ಲ ಒಬ್ಬ ತಾಯಿಯ ಹೆಸರನ್ನು ಸಂದೇಶದಲ್ಲಿ ಸೂಚಿಸಿ, "ದಯವಿಟ್ಟು ಇವರಿಗೆ ತಿಳಿಸಿ ಅಮ್ಮ" ಎಂದು ಕೇಳುತ್ತೇನೆ. ಕನ್ನಡ ತಿಳಿದೂ ಓದಲು ಬಾರದವರಿಗೆ ಲಿಪಿಯೇ ಬೇಡ. ದನಿಯ ಸಂದೇಶ ಕಳಿಸುತ್ತೇನೆ.

ಕ್ರಮ ಕೆಡುತ್ತಿದೆಯೆಂದು ತಿಳಿಯುವುದು ಹೇಗೆ? ಉತ್ತರ ಕೊಟ್ಟ ಪ್ರಶ್ನೆಯನ್ನೇ ಮತ್ತೊಬ್ಬರು ಮತ್ತೆ ಕೇಳಿದರೆ ಒಂದು ಗುರುತು. ಗುಂಪಿನಲ್ಲಿ ಉತ್ತರ ಇದ್ದೂ ರಾತ್ರಿ ಫೋನಿನಲ್ಲಿ ವಿಚಾರಿಸಿದರೆ ಇನ್ನೊಂದು. ಎಲ್ಲಕ್ಕಿಂತ ಮೌನವಾದ ಗುರುತು, ಮೊದಲು ವಾಕ್ಯ ಬರೆಯುತ್ತಿದ್ದವರು ಬರಬರುತ್ತ ಹೆಬ್ಬೆರಳಿನ ಚಿತ್ರ ಮಾತ್ರ ಕಳಿಸತೊಡಗುವುದು. ಅವರಿಗೆ ಒಪ್ಪಿಗೆಯಾಗಿದೆಯೆಂದು ನಾವು ತಿಳಿಯುತ್ತೇವೆ. ತಿಳಿಯದೆ ಸುಮ್ಮನಾಗಿರುವುದೂ ಉಂಟು.

ಈ ವರ್ಷವೂ ಕರಡು ಪಟ್ಟಿ ಕಳಿಸಿದೆ. ಆ ತಂದೆಯ ಕಿರಿಯ ಮಗ ಈಗ ಹತ್ತನೆಯ ತರಗತಿ. ಅವರ ಪ್ರಶ್ನೆ ಮತ್ತೆ ತೆಲುಗಿನಲ್ಲೇ ಬಂತು, ಅದರ ಕೆಳಗೆ ಬೇರೆಯವರ ಒಂಬತ್ತು ಸಂದೇಶಗಳು ಬಂದಿದ್ದವು. ಮೇಲಕ್ಕೆ ಸರಿಸಿ ಅವರ ಪ್ರಶ್ನೆಯನ್ನು ಹಿಡಿದು ಉತ್ತರ ಬರೆದೆ. ಮಾರನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನವೇ ಬಂದು, ಮಗನ ಹೆಸರನ್ನು ಬೆರಳಿಟ್ಟು ಓದಿ, ಎಲ್ಲವೂ ಸರಿಯಾಗಿದೆಯೆಂದು ಸಹಿ ಮಾಡಿ ಹೋದರು.